ಹಣ ಪಡೆದಿದ್ದರೆ ಮೊದಲ ಸಾಲಿನಲ್ಲೇ ಹೇಳಿಬಿಡಿ: ಕನ್ನಡದ ಗ್ಯಾಜೆಟ್ ಕ್ರಿಯೇಟರ್‌ಗಳಿಗೆ ಒಂದು ಬಹಿರಂಗ ಪತ್ರ

ಮೊಬೈಲು, ಇಯರ್‌ಬಡ್ಸು, ಸ್ಮಾರ್ಟ್‌ವಾಚು, ಪವರ್ ಬ್ಯಾಂಕುಗಳನ್ನು ಕನ್ನಡದಲ್ಲಿ ಬಿಚ್ಚಿ ತೋರಿಸುವ ಎಲ್ಲ ಕ್ರಿಯೇಟರ್‌ಗಳಿಗೆ ನಮಸ್ಕಾರ.

ನಾನು ಬೆಂಗಳೂರಿನಲ್ಲಿ ನಿಮಗೂ ಬ್ರ್ಯಾಂಡ್‌ಗಳಿಗೂ ನಡುವೆ ಓಡಾಡುವ ಕೆಲಸದಲ್ಲಿದ್ದೇನೆ. ಬ್ರೀಫ್ ತಲುಪಿಸುವುದು, ಕೊರಿಯರ್ ಬಂತಾ ಎಂದು ವಿಚಾರಿಸುವುದು, ನಿಮ್ಮ ವಿಡಿಯೋವನ್ನು ಅಪ್ರೂವಲ್‌ಗೆ ಕಳಿಸುವುದು, ಕೊನೆಗೆ ನಿಮ್ಮ ಇನ್‌ವಾಯ್ಸ್ ಹಿಡಿದುಕೊಂಡು ಅಕೌಂಟ್ಸ್‌ನವರ ಬೆನ್ನು ಹತ್ತುವುದು ನನ್ನ ದಿನಚರಿ. ಹಾಗಾಗಿ ಇದು ಹಣ ತಗೋಬೇಡಿ ಎನ್ನುವ ಪತ್ರವಲ್ಲ. ನಿಮಗೆ ದುಡ್ಡು ಬಂದರೆ ತಾನೇ ನನಗೂ ಸಂಬಳ. ಹಣ ಪಡೆದ ಸಂಗತಿಯನ್ನು ಕ್ಯಾಪ್ಷನ್‌ನಲ್ಲಿ ಎಲ್ಲಿ, ಯಾವ ಮಾತಿನಲ್ಲಿ ಹೇಳಬೇಕು ಎನ್ನುವುದಷ್ಟೇ ಇಲ್ಲಿರುವ ವಿಷಯ. ಮುಚ್ಚಿಡಬೇಕೆಂದು ಹೊರಟವರು ನಮ್ಮಲ್ಲಿ ಕಡಿಮೆ. ಹೇಳಿದ ಹಾಗೂ ಇರಬೇಕು, ಯಾರಿಗೂ ಕಾಣಿಸಲೂಬಾರದು ಎನ್ನುವವರೇ ಹೆಚ್ಚು.

ನಾನು ವಾರವಿಡೀ ನೋಡುವ ಕ್ಯಾಪ್ಷನ್‌ಗಳ ಅಚ್ಚು ಹೆಚ್ಚುಕಡಿಮೆ ಒಂದೇ. ಮೊದಲ ಸಾಲು "ಈ ರೇಟಿಗೆ ಇಂಥ ವಾಚ್ ಸಿಗುತ್ತಾ ಗುರೂ!" ಅದಾದ ಮೇಲೆ ಡಿಸ್‌ಪ್ಲೇ ಎಷ್ಟು ಇಂಚು, ಬ್ಯಾಟರಿ ಎಷ್ಟು ದಿನ, ಯಾವ ಯಾವ ಬಣ್ಣ. ಆಮೇಲೆ "ಲಿಂಕ್ ಬಯೋದಲ್ಲಿದೆ". ಅದರ ಕೆಳಗೆ ಚುಕ್ಕಿ ಚುಕ್ಕಿ ಇಟ್ಟು ಖಾಲಿ ಬಿಟ್ಟ ಸಾಲುಗಳು. ಎಲ್ಲಕ್ಕಿಂತ ಕೆಳಗೆ ಹ್ಯಾಶ್‌ಟ್ಯಾಗ್‌ಗಳ ಸಂತೆ: #kannadatech #smartwatch #trending #collab #namkannada #reels. ಆ #collab ಇದೆಯಲ್ಲ, ಹಣ ಪಡೆದದ್ದನ್ನು ತಿಳಿಸುವ ನಮ್ಮ "ಡಿಸ್‌ಕ್ಲೋಷರ್" ಅದೇ. ರೀಲ್ ನೋಡುವವರ ಪರದೆಯ ಕೆಳತುದಿಯಲ್ಲಿ ಕ್ಯಾಪ್ಷನ್‌ನ ಮೊದಲ ತುಣುಕು ಮಾತ್ರ ಕಾಣುತ್ತದೆ, ಉಳಿದದ್ದು ಮೂರು ಚುಕ್ಕಿಯ ಹಿಂದೆ. ಅದನ್ನು ಒತ್ತಿ, ಕೆಳಗೆ ಎಳೆದು, ಟ್ಯಾಗ್‌ಗಳ ಮಧ್ಯೆ ಹುಡುಕುವ ವ್ಯವಧಾನ ಯಾರಿಗಿದೆ? ಯಾರಿಗೂ ಇಲ್ಲ ಎನ್ನುವುದು ಅದನ್ನು ಅಲ್ಲಿಟ್ಟವರಿಗೆ ಚೆನ್ನಾಗಿ ಗೊತ್ತು.

ನಿಯಮ ಈ ಜಾಗದ ಬಗ್ಗೆಯೇ ಮಾತಾಡುತ್ತದೆ. ಜಾಹೀರಾತು ಉದ್ಯಮ ತಾನೇ ಕಟ್ಟಿಕೊಂಡಿರುವ ಎಎಸ್‌ಸಿಐ ಸಂಸ್ಥೆ ಇನ್‌ಫ್ಲುಯೆನ್ಸರ್‌ಗಳಿಗಾಗಿ ಮಾಡಿದ ಮಾರ್ಗಸೂಚಿ 2021ರ ಜೂನ್ 14ರಿಂದ ಜಾರಿಯಲ್ಲಿದೆ. ನೋಡುಗ "more" ಒತ್ತದೆಯೇ ಕಾಣುವ ಹಾಗೆ ಮೊದಲ ಎರಡು ಸಾಲಿನೊಳಗೆ ಲೇಬಲ್ ಇರಬೇಕು, ಹ್ಯಾಶ್‌ಟ್ಯಾಗ್‌ಗಳ ಗುಂಪಿನಲ್ಲಿ ಹೂಳಬಾರದು ಎಂದು ಅದು ಬಿಡಿಸಿ ಹೇಳಿದೆ. ಅದು ಉದ್ಯಮದ್ದು, ಸರ್ಕಾರದ್ದಲ್ಲ ಎನ್ನುವವರಿಗೆ ಸರ್ಕಾರದ್ದೂ ಇದೆ. ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರದ 2022ರ ಜೂನ್ 9ರ ಮಾರ್ಗಸೂಚಿಯ ಪ್ರಕಾರ, ಕಂಪನಿಯ ಜೊತೆ ನಿಮಗಿರುವ ನಂಟು ನಿಮ್ಮ ಮಾತಿನ ತೂಕವನ್ನು ಬದಲಿಸುವಂತಿದ್ದರೆ ಅದನ್ನು ತಿಳಿಸಲೇಬೇಕು. ಗ್ರಾಹಕ ವ್ಯವಹಾರಗಳ ಇಲಾಖೆ 2023ರ ಜನವರಿಯಲ್ಲಿ ಇನ್ಫ್ಲುಯೆನ್ಸರ್‌ಗಳಿಗೆಂದೇ ಒಂದು ಸರಳ ಕೈಪಿಡಿ ಹೊರಡಿಸಿ, ಪ್ರಚಾರ ಯಾವ ಭಾಷೆಯಲ್ಲಿದೆಯೋ ಡಿಸ್‌ಕ್ಲೋಷರ್ ಕೂಡ ಅದೇ ಭಾಷೆಯಲ್ಲಿರಲಿ ಎಂದಿತು. ಕನ್ನಡದಲ್ಲಿ ಮಾತಾಡುವ ನಮಗೆ ಇದೇ ಮುಖ್ಯ ಸಾಲು. ವಿಡಿಯೋ ಉದ್ದಕ್ಕೂ ಮಂಡ್ಯದ ಮಾತು, ಹುಬ್ಬಳ್ಳಿಯ ಮಾತು, ಹಣದ ವಿಷಯ ಬಂದ ಕೂಡಲೇ ಇಂಗ್ಲಿಷಿನ ತುಂಡು ಅಕ್ಷರ ಅಂದರೆ ಹೇಗೆ?

ಒಂದು ಕೆಲಸವನ್ನೇ ಉದಾಹರಣೆಗೆ ತಗೊಳ್ಳೋಣ. ಬ್ರ್ಯಾಂಡ್ ಹೆಸರು ಬೇಡ, ಇಂಥ ಡೀಲ್ ಎಲ್ಲರ ಇನ್‌ಬಾಕ್ಸ್‌ನಲ್ಲೂ ಇರುತ್ತದೆ. 2,999 ರೂಪಾಯಿಯ ಬ್ಲೂಟೂತ್ ಕಾಲಿಂಗ್ ಸ್ಮಾರ್ಟ್‌ವಾಚ್. ಒಂದು ರೀಲ್, 45 ಸೆಕೆಂಡ್. ರೀಲ್‌ಗೆ ಇಷ್ಟು ಅಂತ ಹಣ. ವಾಚ್ ನಿಮಗೇ, ವಾಪಸ್ ಕೊಡಬೇಕಿಲ್ಲ. ನಿಮ್ಮ ಹೆಸರಿನ ಕೂಪನ್ ಕೋಡ್, ಅದರಿಂದ ಆದ ಪ್ರತಿ ಮಾರಾಟಕ್ಕೂ ಕಮಿಷನ್. ಪೋಸ್ಟ್ ಮಾಡುವ ಮುಂಚೆ ಬ್ರ್ಯಾಂಡ್‌ನ ಅಪ್ರೂವಲ್. ಪೋಸ್ಟ್ ಆದ ಹದಿನೈದು ದಿನ ಬೇರೆ ಕಂಪನಿಯ ವಾಚ್ ತೋರಿಸುವಂತಿಲ್ಲ.

ಇದರಲ್ಲಿ ನೋಡುಗರಿಗೆ ಏನೇನು ಗೊತ್ತಾಗಬೇಕು? ಎಷ್ಟು ಹಣ ಎಂದು ಹೇಳಬೇಕಿಲ್ಲ, ಯಾವ ನಿಯಮವೂ ಕೇಳುವುದಿಲ್ಲ, ಅದು ನಿಮ್ಮ ಸ್ವಂತ ವ್ಯವಹಾರ. ಹಣ ಬಂದಿದೆ ಎನ್ನುವುದು ಮಾತ್ರ ಮೊದಲ ಸಾಲಿಗೇ ಬರಬೇಕು. ನಾನು ಬರೆಯುವುದಾದರೆ ಹೀಗೆ ಬರೆಯುತ್ತೇನೆ:

"ಜಾಹೀರಾತು: ಈ ರೀಲ್‌ಗೆ (ಬ್ರ್ಯಾಂಡ್ ಹೆಸರು) ಹಣ ಕೊಟ್ಟಿದೆ, ವಾಚೂ ಅವರೇ ಕೊಟ್ಟಿದ್ದು."

ಇಷ್ಟೇ. "ಗುರೂ" ಬೇಕಿದ್ದರೆ ಎರಡನೇ ಸಾಲಿನಿಂದ ಶುರು ಮಾಡಿ, ನನ್ನ ತಕರಾರಿಲ್ಲ. ಕೂಪನ್ ಕೋಡ್ ಬರುವ ಜಾಗದಲ್ಲಿ, ಅದೇ ಸಾಲಿನಲ್ಲಿ, "ಈ ಕೋಡ್ ಬಳಸಿ ನೀವು ಕೊಂಡರೆ ನನಗೆ ಕಮಿಷನ್ ಬರುತ್ತದೆ" ಎಂದು ಸೇರಿಸಿ. ಮೊದಲ ಸಾಲಿನಲ್ಲೇ ಎಲ್ಲವನ್ನೂ ತುರುಕಬೇಕಿಲ್ಲ. ಕಮಿಷನ್ ಮಾತು ಕೋಡ್ ಪಕ್ಕದಲ್ಲಿದ್ದರೆ ಕೊಳ್ಳುವವರ ಕಣ್ಣಿಗೆ ಸರಿಯಾದ ಹೊತ್ತಿಗೆ ಬೀಳುತ್ತದೆ. ಇನ್ನು ಅಪ್ರೂವಲ್ ವಿಷಯ. ಪೋಸ್ಟ್ ಮಾಡುವ ಮುಂಚೆ ಕಂಪನಿ ವಿಡಿಯೋ ನೋಡಿದೆ ಎಂದು ಹೇಳಲೇಬೇಕೆಂಬ ನಿಯಮವಿಲ್ಲ, ಆದರೆ ಹೇಳುವುದು ಒಳ್ಳೆಯದು ಎಂಬುದು ನನ್ನ ಅಭಿಪ್ರಾಯ. ಯಾಕೆಂದರೆ ಅಪ್ರೂವಲ್ ಸುತ್ತಿನಲ್ಲಿ ಏನೇನು ಉದುರುತ್ತದೆ ಎಂದು ನನಗೆ ಗೊತ್ತು. "ಸ್ಪೀಕರ್ ಸ್ವಲ್ಪ ಕಮ್ಮಿ ಅನಿಸ್ತು", "ಸ್ಟ್ರ್ಯಾಪ್ ಬೆವರಿಗೆ ತುರಿಸುತ್ತೆ" ಎನ್ನುವಂಥ ಮಾತುಗಳೇ ಮೊದಲು ಹೋಗುವುದು. ಅವನ್ನು ಕಿತ್ತ ಮೇಲೆ ಉಳಿದದ್ದಕ್ಕೆ "ಹಾನೆಸ್ಟ್ ರಿವ್ಯೂ" ಎಂದು ಹೆಸರಿಡಬೇಡಿ, "ಪರಿಚಯ" ಅನ್ನಿ ಸಾಕು.

ಇಲ್ಲಿ ಒಂದು ಪ್ರಶ್ನೆ ಖಂಡಿತ ಬರುತ್ತದೆ: "ಇನ್‌ಸ್ಟಾಗ್ರಾಂನ ಲೇಬಲ್ ಹಾಕಿದ್ದೀನಲ್ಲ, ಮತ್ತೆ ಕ್ಯಾಪ್ಷನ್‌ನಲ್ಲಿ ಯಾಕೆ?" ಆ ಲೇಬಲ್ ಹಾಕಲೇಬೇಕು. ಪೋಸ್ಟ್ ಮಾಡುವ ಪುಟದಲ್ಲೇ "Add paid partnership label" ಸಿಗುತ್ತದೆ, ಅಲ್ಲಿ ಬ್ರ್ಯಾಂಡನ್ನು ಟ್ಯಾಗ್ ಮಾಡಿದರೆ ನಿಮ್ಮ ಹೆಸರಿನ ಹತ್ತಿರ "Paid partnership" ಎಂದು ಬರುತ್ತದೆ. ಯೂಟ್ಯೂಬ್‌ನಲ್ಲಿ ಅಪ್‌ಲೋಡ್ ಹೊತ್ತಿಗೆ ಪೇಯ್ಡ್ ಪ್ರಮೋಷನ್ ಇದೆ ಎಂಬ ಚೌಕಕ್ಕೆ ಟಿಕ್ ಹಾಕಿದರೆ ವಿಡಿಯೋದ ಮೊದಲ ಹತ್ತು ಸೆಕೆಂಡ್ ಒಂದು ಸೂಚನೆ ಕಾಣುತ್ತದೆ. ಆದರೆ ಈ ಲೇಬಲ್‌ಗಳು ಬರುವುದು ನೋಡುಗರ ಆ್ಯಪ್ ಯಾವ ಭಾಷೆಯಲ್ಲಿದೆಯೋ ಆ ಭಾಷೆಯಲ್ಲಿ, ಮತ್ತು ನಮ್ಮ ಜನರಲ್ಲಿ ಬಹಳಷ್ಟು ಮಂದಿಯ ಫೋನ್ ಇಂಗ್ಲಿಷಿನಲ್ಲೇ ಇರುತ್ತದೆ, ಇಂಗ್ಲಿಷ್ ಓದಲಿ ಬಿಡಲಿ. ಇನ್ನೊಂದು ತೊಡಕು ಇದಕ್ಕಿಂತ ದೊಡ್ಡದು. ಗ್ಯಾಜೆಟ್ ರೀಲ್‌ಗಳು ಇನ್‌ಸ್ಟಾಗ್ರಾಂನಲ್ಲೇ ಕೂತಿರುವುದಿಲ್ಲ. ಯಾರೋ ಡೌನ್‌ಲೋಡ್ ಮಾಡಿ ಮನೆಯ ವಾಟ್ಸಾಪ್ ಗ್ರೂಪಿಗೆ ಹಾಕುತ್ತಾರೆ, "ಅಣ್ಣಾ, ಈ ವಾಚ್ ನೋಡು". ಅಲ್ಲಿಗೆ ಆ್ಯಪ್‌ನ ಲೇಬಲ್ಲೂ ಹೋಗುವುದಿಲ್ಲ, ನಿಮ್ಮ ಕ್ಯಾಪ್ಷನ್ನೂ ಹೋಗುವುದಿಲ್ಲ. ವಿಡಿಯೋದ ಮೇಲೆಯೇ ಬರೆದ ಅಕ್ಷರ ಮತ್ತು ನಿಮ್ಮ ಬಾಯಿಂದ ಬಂದ ಮಾತು, ಇವೆರಡೇ ಜೊತೆಗೆ ಹೋಗುವುದು.

ಅದಕ್ಕೇ ಎಎಸ್‌ಸಿಐ ಸೆಕೆಂಡುಗಳ ಲೆಕ್ಕವನ್ನೂ ಕೊಟ್ಟಿದೆ. ಹದಿನೈದು ಸೆಕೆಂಡ್‌ವರೆಗಿನ ವಿಡಿಯೋದಲ್ಲಿ ಲೇಬಲ್ ಕನಿಷ್ಠ ಮೂರು ಸೆಕೆಂಡ್ ಕಾಣಬೇಕು. ಅದಕ್ಕಿಂತ ಉದ್ದವಿದ್ದು ಎರಡು ನಿಮಿಷದೊಳಗಿದ್ದರೆ ವಿಡಿಯೋದ ಮೂರನೇ ಒಂದು ಭಾಗ. ಎರಡು ನಿಮಿಷ ದಾಟಿದರೆ, ಆ ವಸ್ತುವಿನ ಬಗ್ಗೆ ಮಾತಾಡುವಷ್ಟು ಹೊತ್ತೂ ಇರಬೇಕು. ನಮ್ಮ 45 ಸೆಕೆಂಡಿನ ವಾಚ್ ರೀಲ್‌ಗೆ ಅಂದರೆ 15 ಸೆಕೆಂಡ್. ಎಡಿಟರ್‌ಗೆ ಹೇಳುವಾಗ "ಸ್ವಲ್ಪ ಹೊತ್ತು ಹಾಕಪ್ಪ" ಅನ್ನಬೇಡಿ, 15 ಸೆಕೆಂಡ್ ಎಂದೇ ಹೇಳಿ. ಇನ್‌ಸ್ಟಾಗ್ರಾಂನ ಬಟನ್‌ಗಳು ಬಲಗಡೆ, ಹೆಸರು ಮತ್ತು ಕ್ಯಾಪ್ಷನ್ ಕೆಳಗಡೆ ಬಂದು ಕೂರುತ್ತವೆ. ಎಡಿಟಿಂಗ್ ಆ್ಯಪ್‌ನಲ್ಲಿ ಚೆನ್ನಾಗಿ ಕಂಡ "ಜಾಹೀರಾತು" ಪೋಸ್ಟ್ ಆದ ಮೇಲೆ ಅವುಗಳ ಹಿಂದೆ ಅಡಗಿರುವುದನ್ನು ಆಗಾಗ ನೋಡುತ್ತಿರುತ್ತೇನೆ. ಪರದೆಯ ಮೇಲ್ಭಾಗದಲ್ಲಿ, ಹಿನ್ನೆಲೆಗೆ ಬೆರೆತುಹೋಗದ ಬಣ್ಣದಲ್ಲಿ ಹಾಕಿಸಿ. ಪೋಸ್ಟ್ ಆದ ಮೇಲೆ ಬೇರೆ ಫೋನಿನಲ್ಲಿ, ಬೇರೆಯವರ ಅಕೌಂಟಿನಿಂದ ಒಮ್ಮೆ ತೆರೆದು ನೋಡಿ.

#collab ಬಗ್ಗೆ ಇನ್ನೊಂದು ಮಾತು. ಇನ್‌ಸ್ಟಾಗ್ರಾಂನಲ್ಲೇ ಕೊಲ್ಯಾಬ್ ಎಂಬ ಬೇರೆ ಸೌಲಭ್ಯ ಇದೆ, ಒಂದೇ ಪೋಸ್ಟ್ ಇಬ್ಬರ ಅಕೌಂಟಿನಲ್ಲೂ ಕಾಣುವ ಹಾಗೆ ಮಾಡುವುದು. ಗೆಳೆಯನ ಜೊತೆ ಮಾಡಿದ ಕಾಮಿಡಿ ರೀಲೂ ಕೊಲ್ಯಾಬೇ, ಹಣ ಪಡೆದು ಮಾಡಿದ ವಾಚ್ ರೀಲೂ ಕೊಲ್ಯಾಬೇ. ನೋಡುಗ ಯಾವುದು ಎಂದು ತಿಳಿಯಬೇಕು? ಅಮೆರಿಕದಲ್ಲಿ ಗ್ರಾಹಕರ ಹಿತ ಕಾಯುವ ಸರ್ಕಾರಿ ಸಂಸ್ಥೆ ಎಫ್‌ಟಿಸಿ ಇನ್‌ಫ್ಲುಯೆನ್ಸರ್‌ಗಳಿಗೆ ಕೊಟ್ಟಿರುವ ಕಿರುಪುಸ್ತಕದಲ್ಲಿ sp, spon, collab ಇವೆಲ್ಲ ಬೇಡ, ಬರೀ "ಥ್ಯಾಂಕ್ಸ್" ಎಂದೂ ಸಾಲದು ಎಂದಿದೆ. ನಮ್ಮಲ್ಲೂ "ಧನ್ಯವಾದಗಳು" ಎಂದು ಬರೆದು ಬ್ರ್ಯಾಂಡನ್ನು ಟ್ಯಾಗ್ ಮಾಡುವ ಚಾಳಿ ಇದೆ. ಯಾವುದಕ್ಕೆ ಧನ್ಯವಾದ ಎಂದು ಹೇಳದಿದ್ದರೆ ಅದು ಡಿಸ್‌ಕ್ಲೋಷರ್ ಅಲ್ಲ, ಬರೀ ಸೌಜನ್ಯ.

ಹಣ ತಗೊಂಡಿಲ್ಲ, ಬರೀ ಬಾರ್ಟರ್ ಎನ್ನುವವರಿಗೆ ಈಗ ಬರುತ್ತೇನೆ. "ದುಡ್ಡು ಕೊಟ್ಟಿಲ್ಲ ಮೇಡಂ, ಫೋನ್ ಕೊಟ್ಟಿದಾರೆ ಅಷ್ಟೇ, ಅದಕ್ಕೂ ಹಾಕ್ಬೇಕಾ?" ಹಾಕಬೇಕು. ಉಚಿತ ವಸ್ತು, ರಿಯಾಯಿತಿ, ಪ್ರವಾಸ, ಹೋಟೆಲ್ ವಾಸ ಎಲ್ಲವೂ ನಿಯಮದ ಲೆಕ್ಕದಲ್ಲಿ ನಂಟೇ, ಬ್ರ್ಯಾಂಡಿನವರು ನಿಮ್ಮ ನೆಂಟರಾಗಿದ್ದರೂ ಸರಿ. ತೆರಿಗೆಯವರಿಗಂತೂ ಈ ವಿಷಯದಲ್ಲಿ ಗೊಂದಲವೇ ಇಲ್ಲ. ಆದಾಯ ತೆರಿಗೆ ಕಾಯಿದೆಗೆ 2022ರ ಜುಲೈ 1ರಿಂದ ಬಂದ 194ಆರ್ ಕಲಮು, ವ್ಯವಹಾರದ ಸಂಬಂಧವಾಗಿ ವರ್ಷಕ್ಕೆ 20,000 ರೂಪಾಯಿ ದಾಟಿದ ಲಾಭ ಕೊಟ್ಟರೆ ಶೇ 10 ಟಿಡಿಎಸ್ ಎಂದಿತು. ಆಗ ತೆರಿಗೆ ಮಂಡಳಿ ಹೊರಡಿಸಿದ ಸುತ್ತೋಲೆ ಸೋಷಿಯಲ್ ಮೀಡಿಯಾ ಇನ್‌ಫ್ಲುಯೆನ್ಸರ್‌ಗಳ ಹೆಸರೆತ್ತಿಯೇ ಹೇಳಿತು: ಪ್ರಚಾರಕ್ಕೆ ಕೊಟ್ಟ ಕಾರು, ಮೊಬೈಲು ಇಟ್ಟುಕೊಂಡರೆ ಅದು ಲಾಭ, ವಾಪಸ್ ಕೊಟ್ಟರೆ ಅಲ್ಲ. 40,000 ರೂಪಾಯಿಯ ಫೋನ್ ಇಟ್ಟುಕೊಂಡ ಸಂಗತಿ ಕಂಪನಿಯ ಲೆಕ್ಕಪುಸ್ತಕದಲ್ಲಿದೆ, ನಿಮ್ಮ ಪ್ಯಾನ್ ನಂಬರಿನ ಎದುರಿಗಿದೆ. ನಿಮ್ಮ ವಿಡಿಯೋ ನೋಡಿ ಫೋನ್ ಕೊಳ್ಳಲು ಹೊರಟವರಿಗೆ ಮಾತ್ರ ಯಾಕೆ ಗೊತ್ತಿರಬಾರದು?

ವಾಪಸ್ ಕೊಡುವ ರಿವ್ಯೂ ಯುನಿಟ್ ಆದರೆ ಹಾಗೇ ಬರೆಯಿರಿ: "ಈ ಫೋನ್ ರಿವ್ಯೂಗೆಂದು ಕಂಪನಿ ಕೊಟ್ಟಿದ್ದು, ವಾಪಸ್ ಹೋಗುತ್ತದೆ. ಹಣ ಪಡೆದಿಲ್ಲ." ತೆರಿಗೆಯ ಲೆಕ್ಕದಲ್ಲಿ ಅದು ಲಾಭ ಅಲ್ಲದಿರಬಹುದು, ಆದರೆ ಮಾರುಕಟ್ಟೆಗೆ ಬರುವ ಮುಂಚೆ ಫೋನ್ ಕೈಗೆ ಸಿಗುವುದೇ ಈ ಕಸುಬಿನಲ್ಲಿ ದೊಡ್ಡ ಲಾಭ. ಬೈದರೆ ಮುಂದಿನ ಫೋನ್ ಬರುವುದಿಲ್ಲ ಎಂಬ ಭಯ ಎಲ್ಲರಿಗೂ ಇರುತ್ತದೆ. ಆ ಭಯ ಒಮ್ಮೆ ಕಾಗದದ ಮೇಲೂ ಬಂತು. 2024ರ ಆಗಸ್ಟ್‌ನಲ್ಲಿ, ಪಿಕ್ಸೆಲ್ 9 ಬಿಡುಗಡೆಯ ಹೊತ್ತಿನಲ್ಲಿ, ಕ್ರಿಯೇಟರ್‌ಗಳಿಗೆ ಫೋನ್ ಕೊಡುವ ಗೂಗಲ್‌ನ ಟೀಮ್ ಪಿಕ್ಸೆಲ್ ಕಾರ್ಯಕ್ರಮದ ಫಾರಂ ಬಯಲಿಗೆ ಬಂತು. ಬೇರೆ ಕಂಪನಿಯ ಫೋನಿನ ಬದಲು ಪಿಕ್ಸೆಲ್ಲನ್ನೇ ತೋರಿಸಬೇಕು, ಬೇರೆಯದನ್ನು ಮೆಚ್ಚಿದಂತೆ ಕಂಡರೆ ಸಂಬಂಧ ಕಡಿದುಕೊಳ್ಳುತ್ತೇವೆ ಎಂಬರ್ಥದ ಷರತ್ತು ಅದರಲ್ಲಿತ್ತು. ಗಲಾಟೆ ಆದ ಮೇಲೆ ಗೂಗಲ್ ಆ ಮಾತು ತಪ್ಪಾಯಿತೆಂದು ಒಪ್ಪಿ ತೆಗೆದುಹಾಕಿತು. ಇಂಥ ಷರತ್ತಿಗೆ ಸಹಿ ಹಾಕಿದವರು "ಉಚಿತವಾಗಿ ಬಂದ ಫೋನ್" ಎಂದಷ್ಟೇ ಬರೆದರೆ ಅರ್ಧ ಹೇಳಿದ ಹಾಗೆ. ನಮ್ಮ ವಾಚ್ ಡೀಲಿನ ಹದಿನೈದು ದಿನದ ಷರತ್ತೂ ಇದೇ ಜಾತಿಯದು. ಆ ಹದಿನೈದು ದಿನದಲ್ಲಿ ಯಾರಾದರೂ ಕಾಮೆಂಟಿನಲ್ಲಿ "ಇದು ಚೆನ್ನಾಗಿದೆಯಾ, ಅದು ಚೆನ್ನಾಗಿದೆಯಾ" ಎಂದು ಕೇಳಿದರೆ, "ಒಪ್ಪಂದ ಇದೆ, ಈಗ ಹೋಲಿಸಿ ಹೇಳುವಂತಿಲ್ಲ" ಎಂದು ಉತ್ತರಿಸಬಹುದು. ಸುಮ್ಮನೆ "ಇದೇ ಬೆಸ್ಟ್ ಬ್ರೋ" ಅನ್ನುವುದಕ್ಕಿಂತ ಅದು ಎಷ್ಟೋ ವಾಸಿ.

ಲೇಬಲ್ ಹಾಕಿದ ಮೇಲೆ ಏನು ಬೇಕಾದರೂ ಹೇಳಬಹುದು ಎಂಬ ಭ್ರಮೆಯೂ ಇದೆ. ಇದಕ್ಕೂ ಪಿಕ್ಸೆಲ್ಲಿನದೇ ಕಥೆ ಇದೆ. ಪಿಕ್ಸೆಲ್ 4 ಬಂದಾಗ ಅಮೆರಿಕದ ರೇಡಿಯೋ ನಿರೂಪಕರು "ನಾನು ಇದರಲ್ಲಿ ಫೋಟೋ ತೆಗೆಯುತ್ತಿದ್ದೇನೆ" ಎಂದು ಸ್ವಂತ ಅನುಭವದ ಹಾಗೆ ಜಾಹೀರಾತು ಓದಿದರು. ಅವರ ಕೈಗೆ ಆ ಫೋನೇ ಬಂದಿರಲಿಲ್ಲ. 2022ರ ನವೆಂಬರ್‌ನಲ್ಲಿ ಎಫ್‌ಟಿಸಿ ಮತ್ತು ಏಳು ರಾಜ್ಯಗಳು ಗೂಗಲ್ ಹಾಗೂ ರೇಡಿಯೋ ಕಂಪನಿ ಐಹಾರ್ಟ್‌ಮೀಡಿಯಾ ಜೊತೆ 94 ಲಕ್ಷ ಡಾಲರ್ ದಂಡದ ರಾಜಿ ಮಾಡಿಕೊಂಡವು. ಅಲ್ಲಿ ತಕರಾರು ಬಂದದ್ದು ಜಾಹೀರಾತು ಎಂದು ಹೇಳದ್ದಕ್ಕಲ್ಲ, ಬಳಸದ ಫೋನಿನ ಬಗ್ಗೆ "ನಾನು ಬಳಸಿದೆ" ಎಂದದ್ದಕ್ಕೆ. ನಮ್ಮ 2022ರ ಮಾರ್ಗಸೂಚಿಯೂ ಶಿಫಾರಸು ಮಾಡುವವರ ಮಾತು ನಿಜವಾದ ಅಭಿಪ್ರಾಯವಾಗಿರಬೇಕು, ಸಾಕಷ್ಟು ಮಾಹಿತಿ ಅಥವಾ ಅನುಭವದ ಮೇಲೆ ನಿಂತಿರಬೇಕು ಎನ್ನುತ್ತದೆ.

ನಮ್ಮ ವಾಚ್‌ಗೆ ಇದನ್ನು ಹಚ್ಚಿ ನೋಡಿ. ಬ್ರೀಫ್‌ನಲ್ಲಿ "ಏಳು ದಿನ ಬ್ಯಾಟರಿ" ಎಂದಿದೆ. ವಾಚ್ ನಿಮ್ಮ ಕೈಗೆ ಬಂದದ್ದು ಸೋಮವಾರ, ರೀಲ್ ಹೋಗಬೇಕಾದ್ದು ಗುರುವಾರ. ಏಳು ದಿನ ಓಡುತ್ತದೋ ಇಲ್ಲವೋ ನಿಮಗೆ ಗೊತ್ತಾಗಲು ದಾರಿಯೇ ಇಲ್ಲ. ಜೊತೆಗೆ ಪೆಟ್ಟಿಗೆಯ ಮೇಲಿನ ಏಳು ದಿನ ಸಾಮಾನ್ಯವಾಗಿ ಬ್ಲೂಟೂತ್ ಕಾಲಿಂಗ್ ಬಳಸದೆ, ಡಿಸ್‌ಪ್ಲೇ ಸದಾ ಉರಿಯದಂತೆ ಇಟ್ಟಾಗಿನ ಲೆಕ್ಕ. ನೀವು ರೀಲ್‌ನಲ್ಲಿ ತೋರಿಸುವುದು ಅದೇ ಕಾಲಿಂಗ್, ಅದೇ ಉರಿಯುವ ಡಿಸ್‌ಪ್ಲೇ. ಕ್ಯಾಪ್ಷನ್‌ನಲ್ಲಿ "ಒಂದು ಸಲ ಚಾರ್ಜ್ ಮಾಡಿದ್ರೆ ವಾರಕ್ಕೆ ಚಿಂತೆ ಇಲ್ಲ" ಎಂದು ಬರೆದರೆ ಮೇಲೆ ಎಷ್ಟೇ ದಪ್ಪ ಅಕ್ಷರದಲ್ಲಿ "ಜಾಹೀರಾತು" ಎಂದಿದ್ದರೂ ಅದು ಸುಳ್ಳೇ. "ಕಂಪನಿ ಹೇಳುವುದು ಏಳು ದಿನ. ನಾನು ಮೂರು ದಿನ ಬಳಸಿದ್ದೇನೆ, ಕಾಲಿಂಗ್ ಆನ್ ಇಟ್ಟಾಗ ಇಷ್ಟು ಶೇಕಡಾ ಇಳಿಯಿತು" ಎಂದು ನೀವು ಕಂಡ ಅಂಕಿಯನ್ನೇ ಬರೆಯಿರಿ. ಕಂಪನಿಯ ಮಾತು ಯಾವುದು, ನಿಮ್ಮದು ಯಾವುದು ಎಂದು ಬೇರೆಯಾದರೆ ಸಾಕು. ರಕ್ತದ ಆಮ್ಲಜನಕ, ಬಿಪಿ ಥರದ ಆರೋಗ್ಯದ ಅಂಕಿಗಳಿದ್ದರಂತೂ ಇನ್ನೂ ಹುಷಾರಾಗಿರಿ. ಅದನ್ನು ನಂಬಿ ಯಾರಾದರೂ ಡಾಕ್ಟರ ಹತ್ತಿರ ಹೋಗುವುದನ್ನು ಮುಂದೂಡಿದರೆ ಡಿಸ್‌ಕ್ಲೋಷರ್ ಅವರ ನೆರವಿಗೆ ಬರುವುದಿಲ್ಲ.

ಬ್ರ್ಯಾಂಡ್‌ನವರ ಒತ್ತಡ ನನಗೆ ಗೊತ್ತಿಲ್ಲದ್ದೇನಲ್ಲ. "ಲೇಬಲ್ ಹಾಕಿದರೆ ರೀಚ್ ಬೀಳುತ್ತೆ, ಮೊದಲೆರಡು ದಿನ ಬಿಟ್ಟು ಹಾಕಿ" ಎನ್ನುವ ಮೆಸೇಜ್ ನನಗೂ ಬರುತ್ತದೆ. ರೀಲ್ ಓಡುವುದೇ ಆ ಮೊದಲೆರಡು ದಿನ. ಎಲ್ಲರೂ ನೋಡಿ ಹೋದ ಮೇಲೆ ಹಾಕುವ ಲೇಬಲ್ ಯಾರಿಗೆ? ಅಂಥ ಮೆಸೇಜ್ ಬಂದರೆ ಫೋನಿನಲ್ಲಿ ವಾದ ಮಾಡಬೇಡಿ, ಬರಹದಲ್ಲಿ ಉತ್ತರ ಕೊಡಿ: "ಪೋಸ್ಟ್ ಆಗುವ ಕ್ಷಣದಿಂದ ಡಿಸ್‌ಕ್ಲೋಷರ್ ಇರುತ್ತದೆ. ಮೊದಲ ಸಾಲಿನಲ್ಲಿ ಕನ್ನಡದಲ್ಲಿ, ವಿಡಿಯೋ ಮೇಲೆ, ಜೊತೆಗೆ ಆ್ಯಪ್ ಲೇಬಲ್. ಇದು ಬೇಡವಾದರೆ ದಯವಿಟ್ಟು ಬರೆದು ತಿಳಿಸಿ." "ಬರೆದು ತಿಳಿಸಿ" ಎಂದ ಕೂಡಲೇ ಬಹಳಷ್ಟು ಮಂದಿ ಸುಮ್ಮನಾಗುತ್ತಾರೆ. ಕಾರಣ ಅವರ ಲೀಗಲ್ ವಿಭಾಗಕ್ಕೆ ಗೊತ್ತು. 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯ 21ನೇ ಕಲಮಿನಲ್ಲಿ ದಾರಿ ತಪ್ಪಿಸುವ ಜಾಹೀರಾತಿಗೆ ತಯಾರಕರಿಗೂ ಅದನ್ನು ಶಿಫಾರಸು ಮಾಡಿದವರಿಗೂ 10 ಲಕ್ಷ ರೂಪಾಯಿವರೆಗೆ ದಂಡ, ಮತ್ತೆ ಮಾಡಿದರೆ 50 ಲಕ್ಷದವರೆಗೆ. ಶಿಫಾರಸು ಮಾಡಿದವರನ್ನು ಒಂದು ವರ್ಷದವರೆಗೆ, ಮತ್ತೆ ಮಾಡಿದರೆ ಮೂರು ವರ್ಷದವರೆಗೆ ಪ್ರಚಾರದಿಂದಲೇ ದೂರವಿಡಬಹುದು. ಹೇಳುವ ಮುಂಚೆ ಪರಿಶೀಲಿಸಿದ್ದೆ ಎಂದು ತೋರಿಸಿಕೊಟ್ಟರೆ ದಂಡದಿಂದ ಪಾರಾಗಬಹುದು, ಆದ್ದರಿಂದ ಬ್ರೀಫ್, ಮೆಸೇಜು, ನೀವು ಬರೆದಿಟ್ಟ ಬ್ಯಾಟರಿ ಅಂಕಿ ಯಾವುದನ್ನೂ ಅಳಿಸಬೇಡಿ.

ಸ್ವಂತ ದುಡ್ಡಿನಲ್ಲಿ ಅಂಗಡಿಯಿಂದ ತಂದು, ಲಿಂಕು ಕೋಡು ಏನೂ ಇಲ್ಲದೆ ಮಾಡಿದ ವಿಡಿಯೋಗೆ ಇದ್ಯಾವುದೂ ಬೇಕಿಲ್ಲ. ಹಳೆಯ ಪೋಸ್ಟ್‌ಗಳ ಬಗ್ಗೆ ಕೇಳುವಿರಾದರೆ, ಕ್ಯಾಪ್ಷನ್ ಎಡಿಟ್ ಮಾಡಲು ಬರುತ್ತದೆ. ಇನ್ನೂ ಕೋಡ್ ಕೆಲಸ ಮಾಡುತ್ತಿರುವ, ಜನ ಇನ್ನೂ ನೋಡುತ್ತಿರುವ ರೀಲ್‌ಗಳಿಂದ ಶುರು ಮಾಡಿ, ಮಿಕ್ಕದ್ದು ನಿಧಾನಕ್ಕೆ.

ಈ ವಾರದಿಂದ ನನ್ನ ಕಡೆಯಿಂದ ಬರುವ ಪ್ರತಿ ಬ್ರೀಫ್‌ನಲ್ಲೂ ಕ್ಯಾಪ್ಷನ್‌ನ ಮೊದಲ ಸಾಲು ಕನ್ನಡದಲ್ಲಿ ಬರೆದೇ ಇರುತ್ತದೆ. ನಿಮ್ಮ ಧಾಟಿಗೆ ತಕ್ಕ ಹಾಗೆ ಮಾತು ಬದಲಿಸಿಕೊಳ್ಳಿ, ಜಾಗ ಮಾತ್ರ ಬದಲಿಸಬೇಡಿ. ಯಾವುದಾದರೂ ಬ್ರ್ಯಾಂಡ್ ಅದನ್ನು ಕೆಳಗೆ ತಳ್ಳಿ ಎಂದರೆ ಆ ಮೇಲ್ ನನಗೆ ಫಾರ್ವರ್ಡ್ ಮಾಡಿ, ಅವರ ಜೊತೆ ನಾನು ಮಾತಾಡುತ್ತೇನೆ.

ಇಂತಿ,
ನಿಮ್ಮ ಇನ್‌ವಾಯ್ಸ್‌ಗಳ ಹಿಂದೆ ಓಡಾಡುವವಳು
ಬೆಂಗಳೂರು